ಹಾಲು ಪರೀಕ್ಷಕಿ ಸವಿತಾ ಅವರ ಬಗ್ಗೆ ಶಿಫಾರಸು ಪತ್ರ

ಹಾಲು ಉತ್ಪಾದಕರ ಸಹಕಾರ ಸಂಘ
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ
2 ಜೂನ್ 2025

ಇವರಿಗೆ,
ಅಧ್ಯಕ್ಷರು ಮತ್ತು ಆಡಳಿತ ಮಂಡಳಿಯ ಸದಸ್ಯರು
ಹಾಲು ಉತ್ಪಾದಕರ ಮಹಿಳಾ ಸಹಕಾರ ಸಂಘ
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ

ವಿಷಯ: ನಿಮ್ಮ ಸಂಘದ ಕಾರ್ಯದರ್ಶಿ ಹುದ್ದೆಗೆ ಸವಿತಾ ಅವರು ಹಾಕಿರುವ ಅರ್ಜಿ

ಮಾನ್ಯರೇ,

ಸವಿತಾ ಅವರು ನಮ್ಮ ಸಂಘದಲ್ಲಿ 2019ರ ಜೂನ್‌ನಿಂದ ಮೊನ್ನೆ ಮೇ 31ರವರೆಗೆ ಹಾಲು ಪರೀಕ್ಷಕಿಯಾಗಿದ್ದರು. ಯಜಮಾನರಿಗೆ ತಿಪಟೂರಿಗೆ ವರ್ಗವಾಗಿದ್ದರಿಂದ ಕೆಲಸ ಬಿಟ್ಟಿದ್ದಾರೆ. ಬೇರೆ ಕಾರಣ ಏನೂ ಇಲ್ಲ. ಈ ಆರು ವರ್ಷವೂ ನಾನೇ ಇಲ್ಲಿ ಕಾರ್ಯದರ್ಶಿ. ದಿನಕ್ಕೆ ಎರಡು ಹೊತ್ತು ಒಂದೇ ಕೋಣೆಯಲ್ಲಿ ಕೆಲಸ ಮಾಡಿದ್ದೇವೆ. ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ನಾನು ಕಣ್ಣಾರೆ ಕಂಡದ್ದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀವು ಹುಡುಕುತ್ತಿರುವುದು ಪರೀಕ್ಷಕಿಯನ್ನಾಗಿದ್ದರೆ ಈ ಪತ್ರ ನಾಲ್ಕು ಸಾಲಿಗೆ ಮುಗಿಯುತ್ತಿತ್ತು. ಕಣ್ಣು ಮುಚ್ಚಿ ತೆಗೆದುಕೊಳ್ಳಿ ಎಂದು ಬರೆಯುತ್ತಿದ್ದೆ. ಆದರೆ ನಿಮಗೆ ಬೇಕಿರುವುದು ಕಾರ್ಯದರ್ಶಿ. ಆ ಕೆಲಸದಲ್ಲಿ ಅರ್ಧ ಭಾಗ ಸವಿತಾ ಅವರಿಗೆ ಚೆನ್ನಾಗಿ ಬರುತ್ತದೆ, ಇನ್ನರ್ಧ ಕಲಿಯಬೇಕು. ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಬಿಡಿಸಿ ಬರೆಯುತ್ತೇನೆ.

ಪರೀಕ್ಷೆಯ ವಿಷಯ. ನಮ್ಮಲ್ಲಿ 86 ಮನೆಯವರು ಹಾಲು ಹಾಕುತ್ತಾರೆ. ಫ್ಯಾಟ್ ಒಂದು ಪಾಯಿಂಟ್ ಇಳಿದರೂ ಕಿಟಕಿ ಮುಂದೆ ಮಾತು ಶುರುವಾಗುತ್ತದೆ. ನಿಮ್ಮಲ್ಲೂ ಹಾಗೇ ಇರಬೇಕು, ಅಲ್ವಾ? 2023ರ ಮಳೆಗಾಲದಲ್ಲಿ ನಮ್ಮ ನಿರ್ದೇಶಕರೊಬ್ಬರ ಹಾಲು ಒಂದು ವಾರ ಬಿಡದೆ ಎಸ್‌ಎನ್‌ಎಫ್ 7.8ರ ಆಸುಪಾಸಿನಲ್ಲಿ ಬಂತು. 8.5 ಬರಬೇಕಾದ ಕಡೆ 7.8 ಎಂದರೆ ಊರಲ್ಲಿ ಒಂದೇ ಮಾತು: ನೀರು ಹಾಕುತ್ತಿದ್ದಾರೆ. ಅವರಿಗೆ ಕೋಪ, ಜನಕ್ಕೆ ತಮಾಷೆ. ಆಡಳಿತ ಮಂಡಳಿ ಚುನಾವಣೆಗೆ ಒಂದು ತಿಂಗಳಿತ್ತು. ಯಂತ್ರದ ಅಂಕಿ ಬಿಟ್ಟು ಕೈಯಿಂದ ಅಂಕಿ ಹಾಕುವ ದಾರಿ ಇದೆ ಎನ್ನುವುದು ನಿಮಗೂ ಗೊತ್ತಿರುತ್ತದೆ. "ಒಂದು ತಿಂಗಳು ಹೇಗಾದರೂ ಸಾಗಿಸಮ್ಮ" ಎಂದು ಸವಿತಾ ಅವರಿಗೆ ಹೇಳಿದವನು ನಾನೇ. ಅದನ್ನು ಈ ಪತ್ರದಲ್ಲಿ ಮುಚ್ಚಿಟ್ಟರೆ ಅವರ ಬಗ್ಗೆ ಬರೆಯುವುದಕ್ಕೆ ಅರ್ಥವೇ ಇರುವುದಿಲ್ಲ.

ಅವರು ಜಗಳ ಮಾಡಲಿಲ್ಲ. "ಸರ್, ಹಾಗಾದ್ರೆ ಆ ಅಂಕಿ ನೀವೇ ಬರೆದು ಸೈನ್ ಹಾಕಿ" ಎಂದಷ್ಟೇ ಹೇಳಿದರು. ನಾನು ಹಾಕಲಿಲ್ಲ.

ಮಾರನೇ ದಿನ ಬೆಳಿಗ್ಗೆ ಐದಕ್ಕೇ ಆ ನಿರ್ದೇಶಕರ ಕೊಟ್ಟಿಗೆಗೆ ಹೋದರು. ಮೂರು ಹಸುಗಳನ್ನೂ ತಮ್ಮ ಕಣ್ಣ ಮುಂದೆಯೇ ಕರೆಸಿ, ಒಂದೊಂದರ ಹಾಲನ್ನೂ ಬೇರೆ ಬೇರೆ ಬಾಟಲಿಗೆ ಹಾಕಿಸಿಕೊಂಡು ಬಂದರು. ಎರಡು ಹಸುವಿನ ಹಾಲು ಸರಿಯಾಗಿತ್ತು. ಮೂರನೆಯದರಲ್ಲಿ ಎಸ್‌ಎನ್‌ಎಫ್ ತೀರಾ ಕಡಿಮೆ, ಬಾಯಿಗಿಟ್ಟರೆ ಉಪ್ಪುಪ್ಪು. ಡಾಕ್ಟರ್ ಬಂದು ನೋಡಿದರೆ ಕೆಚ್ಚಲು ಬಾವು, ಹೊರಗೆ ಕಾಣದ ಹಾಗೆ. ಮೂರೂ ಹಸುವಿನ ಹಾಲು ಒಂದೇ ಕ್ಯಾನಿಗೆ ಬೀಳುತ್ತಿದ್ದರಿಂದ ಎಲ್ಲವೂ ಕೆಟ್ಟ ಅಂಕಿ ತೋರಿಸುತ್ತಿತ್ತು. ನೀರು ಹಾಕಿರಲಿಲ್ಲ. ಆ ಹಸುವಿನ ಹಾಲು ಬೇರೆ ಇಟ್ಟ ದಿನದಿಂದಲೇ ಅಂಕಿ ಮೇಲೆ ಬಂತು. ನಾನು ಹೇಳಿದ ಹಾಗೆ ಅಂಕಿ ತಿದ್ದಿದ್ದರೆ ಆ ಹಸುವಿನ ಕೆಚ್ಚಲೂ ಹೋಗುತ್ತಿತ್ತು, ಆ ಮನುಷ್ಯನ ಹೆಸರೂ ಹೋಗುತ್ತಿತ್ತು.

ಇನ್ನೊಂದು ಘಟನೆ. ಕಳೆದ ವರ್ಷ ಮೇ ತಿಂಗಳಲ್ಲಿ ಸಿಡಿಲಿಗೆ ನಮ್ಮ ಪರೀಕ್ಷಾ ಯಂತ್ರ ಸುಟ್ಟಿತು. ರಿಪೇರಿಗೆ ನಾಲ್ಕು ದಿನ ಹಿಡಿಯಿತು. ಅಂಥ ಹೊತ್ತಲ್ಲಿ ಹಿಂದಿನ ವಾರದ ಸರಾಸರಿ ಹಾಕಿಬಿಡುವುದು ಸುಲಭದ ದಾರಿ, ನಾವೂ ಹಿಂದೆ ಒಂದೆರಡು ಸಲ ಹಾಗೇ ಮಾಡಿದ್ದೆವು. ಸವಿತಾ ಅವರು ಗೋದಾಮಿನ ಮೂಲೆಯಲ್ಲಿದ್ದ ಹಳೆಯ 24 ಕೊಳವೆಯ ಗರ್ಬರ್ ಸೆಂಟ್ರಿಫ್ಯೂಜ್ ಒರೆಸಿ ತೆಗೆದರು. 10 ಮಿಲಿ ಆಸಿಡ್, ಅದರ ಮೇಲೆ ಹಾಲು, 1 ಮಿಲಿ ಅಮೈಲ್ ಆಲ್ಕೊಹಾಲ್, ತಿರುಗಿಸುವುದು, 65 ಡಿಗ್ರಿ ಬಿಸಿನೀರಲ್ಲಿಟ್ಟು ಓದುವುದು. ಒಂದು ಹೊತ್ತಿನ ಹಾಲಿಗೆ ನಾಲ್ಕು ಸುತ್ತು. ಎಸ್‌ಎನ್‌ಎಫ್‌ಗೆ ಲ್ಯಾಕ್ಟೋಮೀಟರ್. ನಾಲ್ಕು ದಿನವೂ ರಾತ್ರಿ ಹತ್ತಕ್ಕೆ ಮುಂಚೆ ಮನೆಗೆ ಹೋಗಲಿಲ್ಲ. ಆಸಿಡ್ ಇದ್ದಾಗ ಗ್ಲೌಸ್ ಇಲ್ಲದೆ ಯಾರನ್ನೂ ಹತ್ತಿರ ಬಿಡಲಿಲ್ಲ, ನನ್ನನ್ನೂ ಸೇರಿಸಿ. ಒಂದು ಸ್ಲಿಪ್ಪಿಗೂ ತಕರಾರು ಬರಲಿಲ್ಲ.

ಅರ್ಜಿಯಲ್ಲಿ ಅವರು ಬರೆದಿರುವ ಒಂದು ಸಾಲಿನ ಬಗ್ಗೆ ನಾನು ಸ್ವಲ್ಪ ತಿದ್ದುಪಡಿ ಹೇಳಬೇಕು. ಹಾಲು ಒಡೆದು ವಾಪಸ್ ಬರುವುದು ಕಡಿಮೆಯಾಯಿತು ಎಂದಿದೆ. ನಿಜ. 2019ರಲ್ಲಿ 11 ಸಲ ವಾಪಸ್ ಬಂದಿತ್ತು, ಕಳೆದ ವರ್ಷ 2 ಸಲ. ಆದರೆ ನಮಗೆ 2021ರಲ್ಲಿ ಬಿಎಂಸಿ ಬಂತು. ಸಂಜೆ ಹಾಲು ಆಗಿಂದಾಗಲೇ ತಣ್ಣಗಾಗತೊಡಗಿತು. ದೊಡ್ಡ ಪಾಲು ಆ ಯಂತ್ರದ್ದೇ. ಸವಿತಾ ಅವರ ಪಾಲು ಯಾವುದೆಂದರೆ, ಪ್ಲಾಸ್ಟಿಕ್ ಕ್ಯಾನು ತರುತ್ತಿದ್ದ ಮನೆಗಳಿಗೆ ಹೋಗಿ ಒಬ್ಬೊಬ್ಬರನ್ನೇ ಸ್ಟೀಲ್ ಕ್ಯಾನಿಗೆ ಒಪ್ಪಿಸಿದ್ದು. ನಾನು ಎರಡು ವರ್ಷ ಬೋರ್ಡ್ ಬರೆದು ಹಾಕಿದರೂ ಆಗದ ಕೆಲಸ ಅದು. ಬಿಎಂಸಿ ತೊಳೆಯುವುದನ್ನು ಅವರು ಒಂದು ದಿನವೂ ತಪ್ಪಿಸಿದ್ದು ನನಗೆ ನೆನಪಿಲ್ಲ.

ಸದಸ್ಯರ ಜೊತೆ, ಅದರಲ್ಲೂ ಹೆಂಗಸರ ಜೊತೆ, ಅವರ ಒಡನಾಟ ಚೆನ್ನಾಗಿದೆ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೆಲವರ ಖಾತೆಗೆ ಬರದೆ ನಿಂತುಹೋಗಿತ್ತು. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು. ಗೌರಮ್ಮ ಎಂದು ಒಂದು ಕಡೆ, ಗೌರಿ ಎಂದು ಇನ್ನೊಂದು ಕಡೆ. ಅಂಥ 14 ಮಂದಿಯನ್ನು ಒಬ್ಬೊಬ್ಬರಾಗಿ ಬ್ಯಾಂಕಿಗೆ ಕರೆದುಕೊಂಡು ಹೋಗಿ ಸರಿ ಮಾಡಿಸಿದರು. ಅದು ಪರೀಕ್ಷಕಿಯ ಕೆಲಸವೇ ಅಲ್ಲ.

ಈಗ ಕೊರತೆಗಳು.

ಸವಿತಾ ಅವರಿಗೆ ತೊಂದರೆಯನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಗುಣ ಇದೆ. 2022ರಲ್ಲಿ ಸ್ಥಳೀಯ ಮಾರಾಟದ ದುಡ್ಡು ದಿನಾ ಹತ್ತು ಇಪ್ಪತ್ತು ರೂಪಾಯಿ ಕಡಿಮೆ ಬೀಳುತ್ತಿತ್ತು. ಯಾರಾದರೂ ತನ್ನನ್ನೇ ಅನುಮಾನಿಸಿಯಾರು ಎಂದು ಹೆದರಿ ಮೂರು ತಿಂಗಳು ಸ್ವಂತ ದುಡ್ಡು ಹಾಕಿ ಸರಿದೂಗಿಸಿದರು. ಒಟ್ಟು 1,300 ರೂಪಾಯಿ ಚಿಲ್ಲರೆ. ನನಗೆ ಗೊತ್ತಾದದ್ದು ಅವರ ಯಜಮಾನರಿಂದ. ಕೂತು ನೋಡಿದರೆ, ಹಾಲು ಅಳೆಯುವ ಹುಡುಗ ಅಳತೆ ಪಾತ್ರೆ ತುಂಬಿ ಹೊರಚೆಲ್ಲುವ ಹಾಗೆ ಕೊಡುತ್ತಿದ್ದ, ಅಷ್ಟೇ. ಮೊದಲ ದಿನವೇ ಹೇಳಿದ್ದರೆ ಒಂದು ಗಂಟೆಯ ಕೆಲಸ. ದುಡ್ಡು ವಾಪಸ್ ಕೊಟ್ಟೆವು, ನಾನು ಚೆನ್ನಾಗಿ ಬೈದೆ ಕೂಡ. ಆಮೇಲೆ ದುಡ್ಡಿನ ವಿಷಯದಲ್ಲಿ ಅಂಥದ್ದು ಆಗಿಲ್ಲ. ಆದರೂ ಸ್ವಭಾವ ಪೂರ್ತಿ ಹೋಗಿಲ್ಲ. ಜ್ವರ ಬಂದರೂ ಹೇಳುವುದಿಲ್ಲ. ನೀವೇ ಆಗಾಗ ಕೇಳುತ್ತಿರಬೇಕು.

ಸಭೆಯಲ್ಲಿ ಅವರ ದನಿ ಏಳುವುದಿಲ್ಲ. ಒಬ್ಬರ ಎದುರು ಗಟ್ಟಿಯಾಗಿ ನಿಲ್ಲುವವರು, ನೂರು ಜನರ ವಾರ್ಷಿಕ ಮಹಾಸಭೆಯಲ್ಲಿ ತಲೆ ತಗ್ಗಿಸಿ ಕೂರುತ್ತಾರೆ. ಕಾರ್ಯದರ್ಶಿಯಾದ ಮೇಲೆ ವರದಿ ಓದುವುದು, ಕೇಳಿದ್ದಕ್ಕೆ ನಿಂತು ಉತ್ತರ ಕೊಡುವುದು ತಪ್ಪುವುದಿಲ್ಲ. ಇದು ಅವರಿಗೆ ಕಷ್ಟವಾಗಲಿದೆ.

ಲೆಕ್ಕದ ವಿಷಯ ಸ್ಪಷ್ಟವಾಗಿರಲಿ. ದಿನವಹಿ ಹಾಲಿನ ಲೆಕ್ಕ, ಬಟವಾಡೆ ಪಟ್ಟಿ, ಪಶು ಆಹಾರದ ದಾಸ್ತಾನು, ಸ್ಥಳೀಯ ಮಾರಾಟ, ಇವನ್ನು ಎರಡು ವರ್ಷದಿಂದ ಅವರೇ ನೋಡಿಕೊಂಡಿದ್ದಾರೆ. ಬರಹ ಶುದ್ಧ, ಕೂಡಿಸುವುದರಲ್ಲಿ ತಪ್ಪು ಕಡಿಮೆ. ನಗದು ಪುಸ್ತಕ ನಾನು ರಜೆ ಹಾಕಿದಾಗ ಬರೆದಿದ್ದಾರೆ. ಆದರೆ ಜಮಾ ಖರ್ಚು, ಲಾಭ ನಷ್ಟ, ಆಸ್ತಿ ಹೊಣೆ ಪಟ್ಟಿ ತಯಾರಿಸುವುದು, ಆಡಿಟ್‌ಗೆ ಕೂರುವುದು, ಸಭೆಯ ನಡಾವಳಿ ಬರೆಯುವುದು, ಚುನಾವಣೆಯ ಕಾಗದಪತ್ರ, ಇವು ಯಾವುದನ್ನೂ ಅವರು ಸ್ವತಂತ್ರವಾಗಿ ಮಾಡಿಲ್ಲ. ಅದರಲ್ಲಿ ತಪ್ಪು ನನ್ನದೂ ಇದೆ. ಕಲಿಸಬಹುದಿತ್ತು. ನಾನೇ ಮಾಡಿದರೆ ಬೇಗ ಮುಗಿಯುತ್ತದೆ ಎಂದು ಇಟ್ಟುಕೊಂಡೆ. ಜೊತೆಗೆ ನಿಮ್ಮದು ಬೇರೆ ಒಕ್ಕೂಟ. ದರಪಟ್ಟಿ, ನಮೂನೆಗಳು ಬೇರೆ ಇರಬಹುದು. ಅದಕ್ಕೂ ಒಂದೆರಡು ತಿಂಗಳು ಬೇಕು.

ಹಾಗಾದರೆ ತೆಗೆದುಕೊಳ್ಳಬೇಕೇ? ನಿಮ್ಮ ಜಾಗದಲ್ಲಿ ನಾನಿದ್ದರೆ ತೆಗೆದುಕೊಳ್ಳುತ್ತಿದ್ದೆ, ಆದರೆ ಒಂದು ಏರ್ಪಾಡು ಮಾಡಿಕೊಂಡು. ಮೊದಲ ವರ್ಷದ ಆಡಿಟ್ ಮುಗಿಯುವವರೆಗೆ ನಿಮ್ಮ ಹಳೆಯ ಕಾರ್ಯದರ್ಶಿಯೋ ಒಕ್ಕೂಟದ ವಿಸ್ತರಣಾಧಿಕಾರಿಯೋ ತಿಂಗಳಿಗೊಮ್ಮೆ ಅವರ ಜೊತೆ ಪುಸ್ತಕ ಬಿಚ್ಚಿ ಕೂರಬೇಕು. ಅಂಥವರು ಯಾರೂ ಇಲ್ಲ, ಬಂದ ದಿನದಿಂದಲೇ ಎಲ್ಲವನ್ನೂ ಒಬ್ಬರೇ ಹೊರಬೇಕು ಎನ್ನುವುದಾದರೆ, ಸದ್ಯಕ್ಕೆ ಪರೀಕ್ಷಕಿಯಾಗಿ ತೆಗೆದುಕೊಂಡು ಒಂದು ವರ್ಷದ ನಂತರ ನೋಡಿ. ಲೆಕ್ಕ ಕಲಿಸಬಹುದು. ನಿರ್ದೇಶಕರ ಹಾಲಿಗೂ ಬಡವರ ಹಾಲಿಗೂ ಒಂದೇ ಅಂಕಿ ಓದುವುದನ್ನು ಈ ವಯಸ್ಸಿನಲ್ಲಿ ನನಗೇ ಕಲಿಸಲು ಕಷ್ಟ.

ಈ ಪತ್ರವನ್ನು ಕಳಿಸುವ ಮುಂಚೆ ಸವಿತಾ ಅವರಿಗೆ ಪೂರ್ತಿ ಓದಿ ಹೇಳಿದ್ದೇನೆ. 1,300 ರೂಪಾಯಿಯ ವಿಷಯ ಬಿಡಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಇರಲಿ ಸರ್, ಆಮೇಲೆ ಬೇರೆಯವರಿಂದ ಗೊತ್ತಾಗೋದು ಬೇಡ" ಎಂದರು.

ಅವರ ಮೇಲೆ ಸಂಘದ ಬಾಕಿ ಏನೂ ಇಲ್ಲ. ದಾಸ್ತಾನು, ಬೀಗದ ಕೈ, ಪುಸ್ತಕಗಳನ್ನು ಮೇ 31ರ ಸಂಜೆ ಎಣಿಸಿ ಒಪ್ಪಿಸಿದ್ದಾರೆ. ಹೆಚ್ಚಿಗೆ ಏನಾದರೂ ಕೇಳಬೇಕಿದ್ದರೆ ಫೋನ್ ಮಾಡಿ, ನನ್ನ ನಂಬರ್ ಅವರ ಅರ್ಜಿಯಲ್ಲಿದೆ. ಬೆಳಿಗ್ಗೆ ಒಂಬತ್ತರ ನಂತರ ಮಾಡಿದರೆ ಒಳ್ಳೆಯದು. ಅದಕ್ಕೆ ಮುಂಚೆ ಹಾಲು ಅಳೆಯುವ ಹೊತ್ತು, ಹೊಸ ಪರೀಕ್ಷಕ ಬರುವವರೆಗೆ ಕಿಟಕಿಯಲ್ಲಿ ನಾನೇ ಇರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಶಿವಣ್ಣ
ಕಾರ್ಯದರ್ಶಿ