ಪ್ರಾಂಪ್ಟ್: 750 ಮಿ.ಲೀ. ಸ್ಟೀಲ್ ನೀರಿನ ಬಾಟಲಿ, ಅಚ್ಚ ಬಿಳಿ ಹಿನ್ನೆಲೆಯ ಮುಖ್ಯ ಚಿತ್ರ

ಜೊತೆಗೆ ಕೊಟ್ಟಿರುವ ಮೂರು ಫೋಟೊಗಳಲ್ಲಿರುವ ಬಾಟಲಿಯದೇ ಒಂದು ಕ್ಯಾಟಲಾಗ್ ಚಿತ್ರ ರಚಿಸಿ. ಮೊದಲ ಫೋಟೊ ಮುಂಭಾಗದ್ದು, ಎರಡನೆಯದು ಮುಚ್ಚಳದ್ದು, ಮೂರನೆಯದು ತಳದ್ದು. ಆನ್‌ಲೈನ್ ಮಾರುಕಟ್ಟೆಯ ಲಿಸ್ಟಿಂಗ್‌ನಲ್ಲಿ ಎಲ್ಲಕ್ಕಿಂತ ಮೊದಲು ಕಾಣುವ ಚಿತ್ರ ಇದು. ಕೊಳ್ಳುವವರು ವಸ್ತುವನ್ನು ಮುಟ್ಟಿ ನೋಡಲಾರರು, ಈ ಚಿತ್ರ ನಂಬಿಯೇ ದುಡ್ಡು ಕೊಡುತ್ತಾರೆ. ಆದ್ದರಿಂದ ಬಾಟಲಿಯನ್ನು ಇರುವುದಕ್ಕಿಂತ ಚೆಂದ ಮಾಡಬೇಡಿ, ಇದ್ದ ಹಾಗೆಯೇ ತೋರಿಸಿ.

ಬಾಟಲಿಯ ಎತ್ತರ ಮುಚ್ಚಳ ಸೇರಿ 26 ಸೆಂ.ಮೀ., ಅಗಲ 7.2 ಸೆಂ.ಮೀ. ಮೈ ಕಡು ನೀಲಿ, #1F3A5F, ಹೊಳಪಿಲ್ಲದ ಪೌಡರ್ ಕೋಟಿಂಗ್. ಹತ್ತಿರದಿಂದ ನೋಡಿದರೆ ಸಣ್ಣ ತರಿ ಕಾಣಬೇಕು, ಪ್ಲಾಸ್ಟಿಕ್‌ನಂತೆ ನುಣ್ಣಗಿರಬಾರದು. ಕತ್ತಿನಲ್ಲಿ 12 ಮಿ.ಮೀ. ಮತ್ತು ತಳದಲ್ಲಿ 8 ಮಿ.ಮೀ. ಅಗಲದ ಪಾಲಿಶ್ ಸ್ಟೀಲ್ ಪಟ್ಟಿ. ಮುಚ್ಚಳ ಕಪ್ಪು, ಮೇಲೆ ಕಮಾನಿನಂಥ ಹಿಡಿಕೆ. ಮೈಯ ನಡುವೆ 18 ಮಿ.ಮೀ. ಎತ್ತರದ ಎಲೆಯ ಗುರುತು ಕೆತ್ತಿದೆ. ಅದನ್ನು ಮೊದಲ ಫೋಟೊದಲ್ಲಿರುವಂತೆ ಗೆರೆಗೆ ಗೆರೆ ಉಳಿಸಿ. ಅಕ್ಷರ ಎಲ್ಲೂ ಇಲ್ಲ, ಹೊಸದಾಗಿ ಸೇರಿಸಬೇಡಿ.

ಚೌಕ ಚಿತ್ರ, 2000 × 2000 ಪಿಕ್ಸೆಲ್. ಬಾಟಲಿ ನೆಟ್ಟಗೆ, ನಡುಮಧ್ಯೆ ನಿಂತು ಎತ್ತರದ 85% ತುಂಬಲಿ: ಅಂದರೆ ಬಾಟಲಿ 1700 ಪಿಕ್ಸೆಲ್, ಮೇಲೂ ಕೆಳಗೂ 150 ಪಿಕ್ಸೆಲ್ ಖಾಲಿ ಜಾಗ. ಆಗ ಅಗಲ ಸುಮಾರು 470 ಪಿಕ್ಸೆಲ್ ಬರಬೇಕು. ಅದಕ್ಕಿಂತ ದಪ್ಪ ಕಂಡರೆ ಅಳತೆ ಕೆಟ್ಟಿದೆ ಎಂದರ್ಥ. ಪಕ್ಕದ ಜಾಗ ತುಂಬಲು ಬಾಟಲಿಯನ್ನು ಅಗಲ ಮಾಡಬೇಡಿ. ಕ್ಯಾಮೆರಾ ಬಾಟಲಿಯ ಅರ್ಧ ಎತ್ತರಕ್ಕೆ ಸಮವಾಗಿ ಇರಲಿ, 100 ಮಿ.ಮೀ. ಲೆನ್ಸ್, f/11. ವೈಡ್ ಲೆನ್ಸ್‌ನಲ್ಲಿ ಮೇಲಿನಿಂದ, ಹತ್ತಿರದಿಂದ ತೆಗೆದಂತಾದರೆ ಮುಚ್ಚಳ ಉಬ್ಬಿ, ತಳ ಸೊರಗುತ್ತದೆ. ಮುಚ್ಚಳದಿಂದ ತಳದವರೆಗೆ ಎಲ್ಲವೂ ಫೋಕಸ್‌ನಲ್ಲಿರಲಿ.

ಹಿನ್ನೆಲೆ #FFFFFF, ಅಂದರೆ 255, 255, 255; ನಾಲ್ಕು ಮೂಲೆಗಳಲ್ಲೂ, ಬಾಟಲಿಯ ಅಂಚಿಗೆ ತಾಗಿದ ಜಾಗದಲ್ಲೂ ಅದೇ ಬಿಳಿ. ಲಿಸ್ಟಿಂಗ್ ಪುಟವೂ ಬಿಳಿಯೇ ಆಗಿರುವುದರಿಂದ ಹಿನ್ನೆಲೆ 248ಕ್ಕೆ ಇಳಿದರೂ ಚಿತ್ರದ ಚೌಕ ಬೂದು ಪೆಟ್ಟಿಗೆಯಂತೆ ಎದ್ದು ಕಾಣುತ್ತದೆ. ಮೂಲೆಗಳು ಕಪ್ಪಾಗುವುದು, ಬಿಳಿಯಿಂದ ಬೂದಿಗೆ ಜಾರುವುದು, ನೆಲ-ಗೋಡೆ ಸೇರುವ ಗೆರೆ, ಇವೊಂದೂ ಬೇಡ. ಹಿಡಿಕೆಯ ಕಮಾನಿನೊಳಗೆ ಕಾಣುವ ಜಾಗವೂ ಹಿನ್ನೆಲೆಯೇ. ಬೂದು ಉಳಿದುಬಿಡುವುದು ಹೆಚ್ಚಾಗಿ ಅಲ್ಲೇ, ಅದೂ ಅಚ್ಚ ಬಿಳಿಯಾಗಿರಲಿ. ಪಾರದರ್ಶಕ ಹಿನ್ನೆಲೆ ಕೊಡಬೇಡಿ, ಜೆಪೆಗ್‌ಗೆ ಬದಲಿಸುವಾಗ ಕೆಲವೊಮ್ಮೆ ಅದು ಕಪ್ಪಾಗುತ್ತದೆ.

ಈ ಚಿತ್ರದಲ್ಲಿ ಕಷ್ಟದ ಕೆಲಸವೆಂದರೆ ಸ್ಟೀಲ್ ಪಟ್ಟಿಗಳು. ಪಾಲಿಶ್ ಆದ ಸ್ಟೀಲ್ ಕನ್ನಡಿ ಇದ್ದಂತೆ. ಸುತ್ತಲೂ ಬಿಳಿ ಇದ್ದರೆ ತಾನೂ ಬಿಳಿಯಾಗಿ ಅಂಚು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ, ಮುಚ್ಚಳ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ. ಸ್ಟುಡಿಯೋದಲ್ಲಿ ಬಾಟಲಿಯ ಎರಡೂ ಪಕ್ಕ, ಫ್ರೇಮಿನ ಹೊರಗೆ, ಕಪ್ಪು ಕಾರ್ಡ್ ನಿಲ್ಲಿಸಿದಾಗ ಬರುವ ಪರಿಣಾಮ ಬೇಕು: ಪಟ್ಟಿಯ ಎಡ ಬಲ ಅಂಚುಗಳಲ್ಲಿ ತೆಳುವಾದ ಕಡು ಬೂದು ಗೆರೆ, ನಡುವೆ ಮೆದುವಾದ ಬೆಳಕು. ಈ ಗೆರೆ ಪ್ರತಿಫಲನದಂತೆಯೇ ಕಾಣಲಿ, ಪೆನ್ನಿನಿಂದ ಬರೆದ ಔಟ್‌ಲೈನ್ ಆಗಬಾರದು. ಸ್ಟೀಲ್‌ನಲ್ಲಿ ಕ್ಯಾಮೆರಾ, ಕಿಟಕಿ, ಮನುಷ್ಯರ ನೆರಳು ಕಾಣಬಾರದು.

ಬೆಳಕು ಎರಡು ದೊಡ್ಡ ಸಾಫ್ಟ್‌ಬಾಕ್ಸ್‌ಗಳಿಂದ, ಎಡ ಬಲ 45 ಡಿಗ್ರಿಯಿಂದ, 5500 ಕೆಲ್ವಿನ್. ಎಡದ್ದು ಸ್ವಲ್ಪ ಹೆಚ್ಚು ಇರಲಿ, ಇಲ್ಲವಾದರೆ ಮೈಯ ದುಂಡು ಹೋಗಿ ಚಪ್ಪಟೆಯಾಗುತ್ತದೆ. ಬೆಳಕು ಹಳದಿಗೆ ತಿರುಗಿದರೆ ಈ ನೀಲಿ ಮಂಕಾಗುತ್ತದೆ, ಬಣ್ಣ ಬೇರೆ ಎಂದು ಬಾಟಲಿ ವಾಪಸ್ ಬರುತ್ತದೆ. ಹಿನ್ನೆಲೆಯ ಬೆಳಕು ಬಾಟಲಿಯ ಅಂಚಿಗೆ ಹರಿದು ಮಂಜು ಕವಿದಂತೆ ಆಗಬಾರದು.

ನೆರಳು ತಳದ ಕೆಳಗೆ 6ರಿಂದ 8 ಪಿಕ್ಸೆಲ್‌ನಷ್ಟು ತೆಳ್ಳನೆಯದು ಮಾತ್ರ, ಬಾಟಲಿ ನಿಂತಿದೆ ಎಂದು ಕಾಣುವಷ್ಟು. ಪಕ್ಕಕ್ಕೆ ಚಾಚಿದ ನೆರಳು, ನೆಲದ ಪ್ರತಿಬಿಂಬ ಬೇಡ.

ಕೈ, ಮೇಜು, ಅಲಂಕಾರದ ಎಲೆ, ನೀರಿನ ಹನಿ, ಡಬ್ಬಿ, ಎರಡನೇ ಬಾಟಲಿ, ಬರಹ, ಆಫರ್ ಪಟ್ಟಿ, ವಾಟರ್‌ಮಾರ್ಕ್, ಬಾರ್ಡರ್ ಯಾವುದೂ ಬೇಡ. ಕೊಳ್ಳುವವರಿಗೆ ಪಾರ್ಸೆಲ್‌ನಲ್ಲಿ ಸಿಗುವುದು ಒಂದು ಬಾಟಲಿ. ಚಿತ್ರದಲ್ಲಿಯೂ ಒಂದೇ ಇರಲಿ.

sRGB ಬಣ್ಣದಲ್ಲಿ ಒಂದೇ ಚಿತ್ರ ಕೊಡಿ. ಎಲ್ಲವೂ ಒಟ್ಟಿಗೆ ಕೂಡಿಬರದಿದ್ದರೆ ತಳದ ನೆರಳನ್ನು ಬಿಟ್ಟುಬಿಡಿ. ಬಾಟಲಿಯ ಆಕಾರ, ಬಣ್ಣ ಮತ್ತು ಹಿನ್ನೆಲೆಯ ಬಿಳಿ ಮಾತ್ರ ಬದಲಾಗಬಾರದು.