ಸ್ತ್ರೀರೋಗ ವಿಭಾಗ: ನರ್ಸಿಂಗ್ ವಿದ್ಯಾರ್ಥಿಗಳಿಗೆ ಮೂರು ಅಭ್ಯಾಸ ಪ್ರಶ್ನೆಗಳು, ಉತ್ತರಸಹಿತ

ಪ್ರಶ್ನೆ 1. ಸಿದ್ದಾಪುರದ ಸಮೀಪದ ಕಾಫಿ ತೋಟದ ಲೈನ್‌ಮನೆಯಲ್ಲಿರುವ 26 ವರ್ಷದ ಮಹಿಳೆಗೆ ಹೆರಿಗೆಯಾಗಿ ಹನ್ನೊಂದು ತಿಂಗಳಾದರೂ ಮುಟ್ಟು ಮರಳಿಲ್ಲ. ಹೆರಿಗೆಯ ಹೊತ್ತಿನಲ್ಲಿ ವಿಪರೀತ ರಕ್ತಸ್ರಾವವಾಗಿತ್ತು. ಕಾರಣವೇನಿರಬಹುದು?

ಉತ್ತರ: ಯಾವ ಕಾರಣವನ್ನು ಊಹಿಸುವ ಮೊದಲೂ ಮೂತ್ರದ ಗರ್ಭ ಪರೀಕ್ಷೆ ಮಾಡಬೇಕು, ಏಕೆಂದರೆ ಹೆರಿಗೆಯ ನಂತರ ಒಮ್ಮೆಯೂ ಮುಟ್ಟಾಗದೆಯೇ ಮತ್ತೆ ಗರ್ಭ ನಿಲ್ಲಬಹುದು. ಅದು ನೆಗೆಟಿವ್ ಬಂದರೆ ಕೇಳಬೇಕಾದ ಪ್ರಶ್ನೆ ಎದೆಹಾಲಿನದು. ಮಗು ಹಾಲು ಕುಡಿಯುತ್ತಿದ್ದರೆ ಮುಟ್ಟು ತಡವಾಗುವುದು ಸಹಜ. ಆದರೆ ಈಕೆಗೆ ಹಾಲೇ ಇಳಿದಿರಲಿಲ್ಲ, ಸದಾ ಸುಸ್ತು, ಮೇಲಾಗಿ ತಾಳಲಾರದಷ್ಟು ಚಳಿ. ಕೊಡಗಿನ ಮಳೆಗಾಲದಲ್ಲಿ ಚಳಿಯೆಂದರೆ ಯಾರೂ ಕಿವಿಗೊಡುವುದಿಲ್ಲ, ಆದ್ದರಿಂದ ಮನೆಯ ಇತರರಿಗಿಂತ ಹೆಚ್ಚು ಚಳಿಯಾಗುತ್ತದೆಯೇ ಎಂದು ಬಿಡಿಸಿ ಕೇಳಬೇಕು. ಈ ಲಕ್ಷಣಗಳು ಒಟ್ಟಿಗೆ ಕಂಡರೆ ರಕ್ತಸ್ರಾವದಿಂದ ಪಿಟ್ಯುಟರಿ ಗ್ರಂಥಿ ಹಾನಿಗೊಂಡಿರುವ ಶೀಹನ್ ಸಿಂಡ್ರೋಮ್ ಅನ್ನು ಶಂಕಿಸಿ ತಕ್ಷಣ ವೈದ್ಯರಿಗೆ ತಿಳಿಸಬೇಕು. ಹಾಲು ಚೆನ್ನಾಗಿದ್ದು, ಹೆರಿಗೆಯ ನಂತರ ಗರ್ಭಕೋಶವನ್ನು ಕೆರೆದು ಸ್ವಚ್ಛಗೊಳಿಸಿದ್ದರೆ ಒಳಪದರ ಅಂಟಿಕೊಂಡಿರುವ ಆಶರ್ಮನ್ ಸಿಂಡ್ರೋಮ್ ನೆನಪಾಗಬೇಕು. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ದೋಷಗಳು, ಕ್ಷಯ, ತೀವ್ರ ತೂಕ ಇಳಿಕೆ, 40 ವರ್ಷಕ್ಕೆ ಮೊದಲೇ ಅಂಡಾಶಯ ಸೋಲುವುದು ಇತರ ಕಾರಣಗಳು.

ಪ್ರಶ್ನೆ 2. ವಿರಾಜಪೇಟೆಯ 19 ವರ್ಷದ ವಿದ್ಯಾರ್ಥಿನಿಗೆ 12ನೇ ವಯಸ್ಸಿನಲ್ಲಿ ಮೊದಲ ಮುಟ್ಟಾಯಿತು. ಈಗ ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದೆ. ಗಲ್ಲದ ಮೇಲೆ ದಪ್ಪ ಕೂದಲು, ಕತ್ತಿನ ಹಿಂದೆ ಮಖಮಲ್ಲಿನಂಥ ಕಪ್ಪು ಚರ್ಮ. ಸ್ಕ್ಯಾನ್ ಸಹಜವಾಗಿದೆ. ಪಿಸಿಓಎಸ್ ಇಲ್ಲವೆನ್ನಬಹುದೇ?

ಉತ್ತರ: ಎನ್ನಲಾಗದು. 2003ರ ರಾಟರ್‌ಡ್ಯಾಂ ಮಾನದಂಡದಂತೆ ಅನಿಯಮಿತ ಅಂಡೋತ್ಪತ್ತಿ, ಪುರುಷ ಹಾರ್ಮೋನ್ ಹೆಚ್ಚಳ, ಸ್ಕ್ಯಾನ್‌ನಲ್ಲಿ ಅನೇಕ ಕೋಶಕಗಳಿರುವ ಅಂಡಾಶಯ, ಈ ಮೂರರಲ್ಲಿ ಎರಡಿದ್ದರೆ ಸಾಕು. ಈಕೆಗೆ ಮೊದಲ ಎರಡೂ ಇವೆ. ಮೇಲಾಗಿ ಮೊದಲ ಮುಟ್ಟಿನಿಂದ ಎಂಟು ವರ್ಷದೊಳಗೆ ಸ್ಕ್ಯಾನನ್ನು ರೋಗನಿರ್ಣಯಕ್ಕೆ ಬಳಸಬಾರದೆಂದೇ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಅಡ್ರಿನಲ್ ದೋಷಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಈ ಹೆಸರು ಕೊಡಬೇಕು. ಕತ್ತಿನ ಕಪ್ಪು ಇನ್ಸುಲಿನ್ ಪ್ರತಿರೋಧದ ಗುರುತು, ಆದ್ದರಿಂದ ಸಕ್ಕರೆ ಪರೀಕ್ಷೆ ಅಗತ್ಯ. ಕೊಳೆಯೆಂದು ಅದನ್ನು ಉಜ್ಜಿ ಉಜ್ಜಿ ಚರ್ಮ ಕೆಂಪಾಗಿಸಿಕೊಂಡು ಬರುವ ಹುಡುಗಿಯರಿದ್ದಾರೆ; ಅದು ಕೊಳೆಯಲ್ಲವೆಂದು ಅವರಿಗೆ ಮೊದಲು ಹೇಳಿ.

ಪ್ರಶ್ನೆ 3. ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಕರೆದಾಗ ಪೊನ್ನಂಪೇಟೆಯ 45 ವರ್ಷದ ಗೃಹಿಣಿ, "ನನಗೆ ಯಾವ ತೊಂದರೆಯೂ ಇಲ್ಲ ಸಿಸ್ಟರ್, ಪರೀಕ್ಷೆ ಯಾಕೆ?" ಎನ್ನುತ್ತಾರೆ. ಏನು ಹೇಳುವಿರಿ?

ಉತ್ತರ: ತೊಂದರೆ ಇಲ್ಲದವರಿಗಾಗಿಯೇ ಈ ತಪಾಸಣೆ. ಎಚ್‌ಪಿವಿ ಸೋಂಕಿನಿಂದ ಗರ್ಭಕಂಠದಲ್ಲಾಗುವ ಬದಲಾವಣೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹಲವು ವರ್ಷ ಬೇಕು, ಅಷ್ಟರೊಳಗೆ ಅದನ್ನು ಗುಣಪಡಿಸಬಹುದು. ಭಾರತದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ವಿಐಎ ಮಾಡಲಾಗುತ್ತದೆ: ಗರ್ಭಕಂಠಕ್ಕೆ ದುರ್ಬಲ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಮೂಡುತ್ತದೆಯೇ ಎಂದು ನೋಡುತ್ತಾರೆ. ಮಚ್ಚೆ ಮೂಡಿದರೆ ಕ್ಯಾನ್ಸರ್ ಎಂದರ್ಥವಲ್ಲ, ಮುಂದಿನ ಪರೀಕ್ಷೆ ಬೇಕೆಂದರ್ಥ. ಆದರೆ ಸಂಭೋಗದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡವರನ್ನು ತಪಾಸಣೆಯ ಸಾಲಿನಲ್ಲಿ ನಿಲ್ಲಿಸದೆ, ಹಿಂದಿನ ವರದಿ ಸಹಜವಿದ್ದರೂ ಅಂದೇ ವೈದ್ಯರ ಬಳಿಗೆ ಕಳುಹಿಸಬೇಕು.