ಸ್ಕ್ರೀನ್ ಕೆಲಸದ ನಡುವೆ ಬಿಡುವು ಮತ್ತು ಸರಿಯಾದ ಬೆಳಕು ಕೋರಿ ಮನವಿ

ಗದಗ
12 ಆಗಸ್ಟ್ 2025

ಮಾಲೀಕರಿಗೆ,
ಡಿಟಿಪಿ ವಿಭಾಗದ ಸವಿತಾ ಮಾಡುವ ನಮಸ್ಕಾರಗಳು.

ಸರ್,

ಕೆಲವು ತಿಂಗಳಿಂದ ಮಧ್ಯಾಹ್ನವಾಗುತ್ತಿದ್ದಂತೆ ನನಗೆ ಕಣ್ಣುರಿ ಶುರುವಾಗುತ್ತದೆ. ಸಂಜೆ ಹೊತ್ತಿಗೆ ಅಕ್ಷರಗಳು ಮಸುಕಾಗುತ್ತವೆ, ಹಣೆ ನೋಯುತ್ತದೆ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರೆ ಆರಾಮವೆನಿಸುತ್ತದೆ. ಮತ್ತೆ ಪುಟ ತೆರೆದರೆ ಅದೇ ಕಾಟ. ಹೋದ ವಾರ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಅವರು ಬರೆದುಕೊಟ್ಟ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ.

ಕಣ್ಣಿನ ನರ, ಒತ್ತಡ ಎಲ್ಲವೂ ಚೆನ್ನಾಗಿವೆ, ಸ್ಕ್ರೀನ್ ನೋಡಿದ್ದರಿಂದ ದೃಷ್ಟಿ ಹೋಗುವುದಿಲ್ಲ ಎಂದು ಡಾಕ್ಟರ್ ಧೈರ್ಯ ಹೇಳಿದರು. ತೊಂದರೆ ಇರುವುದು ಕಣ್ಣು ಒಣಗುವುದರಲ್ಲಿ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಮಿಟುಕಿಸುತ್ತೇವೆ. ಸ್ಕ್ರೀನ್ ಮೇಲೆ ಗಮನವಿಟ್ಟು ಓದುವಾಗ ಅದು ಅರ್ಧಕ್ಕೂ ಇಳಿಯಬಹುದಂತೆ. ರೆಪ್ಪೆ ಬಡಿಯದಿದ್ದರೆ ಕಣ್ಣೀರಿನ ತೆಳು ಪದರ ಅಲ್ಲಲ್ಲಿ ಒಡೆಯುತ್ತದೆ. ಆರೋಗ್ಯವಾಗಿರುವ ಕಣ್ಣಲ್ಲಿ ಅದು 10 ಸೆಕೆಂಡಿಗಿಂತ ಜಾಸ್ತಿ ನಿಲ್ಲಬೇಕು, ನನ್ನದು 5 ಸೆಕೆಂಡಿಗೇ ಒಡೆಯುತ್ತಿದೆ. ಇದಲ್ಲದೆ, ಹೊತ್ತುಗಟ್ಟಲೆ ಒಂದೇ ದೂರಕ್ಕೆ ನೋಡುವುದರಿಂದ ಕಣ್ಣೊಳಗಿನ ಸ್ನಾಯುವಿಗೆ ಸಡಿಲವಾಗಲು ಅವಕಾಶವೇ ಸಿಗುವುದಿಲ್ಲ. ಹನಿ ಔಷಧ ಶುರು ಮಾಡಿದ್ದೇನೆ. ಮಾನಿಟರ್ ದೂರಕ್ಕೆ ಹೊಂದುವ ಕನ್ನಡಕವನ್ನೂ ಮಾಡಿಸಲು ಕೊಟ್ಟಿದ್ದೇನೆ. ಆ ಖರ್ಚು ನನ್ನದೇ. ಆದರೆ ನಡುನಡುವೆ ಬಿಡುವು ಕೊಡದೆ, ಬೆಳಕು ಸರಿಪಡಿಸದೆ ಬರೀ ಹನಿ ಹಾಕಿಕೊಂಡರೆ ಸಾಲದು ಎಂದು ಅವರು ಪತ್ರದಲ್ಲೇ ಬರೆದಿದ್ದಾರೆ.

ನಮ್ಮ ಕೆಲಸ ಎಂಥದ್ದು ಅಂತ ನಿಮಗೆ ಗೊತ್ತೇ ಇದೆ. ಈಗ ಕ್ಯಾಲೆಂಡರ್ ಪುಟಗಳು ಶುರುವಾಗಿವೆ. ತಿಥಿ, ನಕ್ಷತ್ರ, ರಾಹುಕಾಲ ಎಲ್ಲವೂ ಪುಟ್ಟ ಚೌಕದೊಳಗೆ ಸಣ್ಣ ಅಕ್ಷರದಲ್ಲಿ ಕೂರಬೇಕು. ಬ ಮತ್ತು ಭ, ದ ಮತ್ತು ಧ ನಡುವೆ ಇರುವುದು ಒಂದು ಸಣ್ಣ ಸೀಳು. ೬ ಮತ್ತು ೯ ಬೇರೆಯಾಗುವುದು ಬಾಲದಲ್ಲಿ. ಒತ್ತಕ್ಷರಗಳಂತೂ ಇನ್ನೂ ಚಿಕ್ಕವು. ಸುಸ್ತಾದ ಕಣ್ಣಿಗೆ ಇವು ಕಾಣುವುದಿಲ್ಲ ಸರ್. ಸಂಜೆ ನೋಡಿದ ಪುಟಗಳನ್ನು ನಾನು ಮರುದಿನ ಬೆಳಿಗ್ಗೆ ಮತ್ತೆ ನೋಡುತ್ತಿದ್ದೇನೆ. ಪ್ಲೇಟ್ ಆದ ಮೇಲೆ ತಪ್ಪು ಸಿಕ್ಕರೆ ಆಗುವ ನಷ್ಟ ನೆನೆದೇ ಹಾಗೆ ಮಾಡುತ್ತಿದ್ದೇನೆ.

ಮೊದಲ ಕೋರಿಕೆ ಬಿಡುವಿನದ್ದು. 20 ನಿಮಿಷಕ್ಕೊಮ್ಮೆ, 20 ಅಡಿ ಆಚೆ, 20 ಸೆಕೆಂಡ್ ನೋಡಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ಇದಕ್ಕೆ ಕುರ್ಚಿ ಬಿಟ್ಟು ಏಳಬೇಕಿಲ್ಲ, ಬಾಗಿಲ ಆಚೆ ಕಾಣುವ ಮಷಿನ್ ಹಾಲ್ ಕಡೆ ನೋಡಿದರೂ ಸಾಕು. ಜೊತೆಗೆ ಗಂಟೆಗೊಮ್ಮೆ 5 ನಿಮಿಷ ಸ್ಕ್ರೀನ್‌ನಿಂದ ದೂರ ಇರಲು ಅನುಮತಿ ಬೇಕು. ಆ ಹೊತ್ತಲ್ಲಿ ಗ್ರಾಹಕರಿಗೆ ಫೋನ್ ಮಾಡುವುದು, ಪ್ರೂಫ್ ತಲುಪಿಸುವುದು, ಕಾಗದದ ಲೆಕ್ಕ ಕೇಳಿ ಬರುವುದು ಇಂಥ ಕೆಲಸ ಮಾಡುತ್ತೇನೆ. ಈಗ ಇವೆಲ್ಲ ಸಂಜೆಗೆ ಒಟ್ಟಿಗೆ ಬೀಳುತ್ತಿವೆ. ದಿನದ ನಡುವೆ ಹಂಚಿಕೊಂಡರೆ ಸಮಯವೂ ಹಾಳಾಗುವುದಿಲ್ಲ.

ಬೆಳಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಬೆನ್ನ ಹಿಂದೆಯೇ ಕಿಟಕಿ ಇದೆ. ಬೆಳಿಗ್ಗೆ ಅದರ ಬೆಳಕೆಲ್ಲ ಮಾನಿಟರ್ ಮೇಲೆ ಹೊಳೆಯುತ್ತದೆ. ಆಗ ಬಗ್ಗಿ, ಕಣ್ಣು ಕಿರಿದು ಮಾಡಿ ಓದಬೇಕು. ಟೇಬಲ್ಲನ್ನು ತಿರುಗಿಸಿ ಕಿಟಕಿ ಪಕ್ಕಕ್ಕೆ ಬರುವಂತೆ ಇಟ್ಟುಕೊಂಡರೆ ಅರ್ಧ ಸಮಸ್ಯೆ ತೀರುತ್ತದೆ. ಕಿಟಕಿಗೆ ಒಂದು ಪರದೆಯೂ ಬೇಕು. ತಲೆ ಮೇಲಿನ ಹಳೆಯ ಟ್ಯೂಬ್‌ಲೈಟ್ ಮಿಣುಕುತ್ತದೆ, ಅದರ ಬಿಳಿ ಗೆರೆ ಸ್ಕ್ರೀನ್ ಮೇಲೂ ಬೀಳುತ್ತದೆ. ಅದರ ಬದಲು ಬೆಳಕು ಚದುರಿಸುವ ಹಾಲುಬಿಳಿ ಮುಚ್ಚಳ ಇರುವ ಎಲ್ಇಡಿ ಲೈಟ್ ಹಾಕಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕಚೇರಿ ಕೆಲಸಕ್ಕೆ ಸುಮಾರು 300ರಿಂದ 500 ಲಕ್ಸ್ ಬೆಳಕಿದ್ದರೆ ಸರಿ. ಬರೀ ಬೆಳಕು ಜಾಸ್ತಿ ಮಾಡಿದರೆ ಹೊಳಪೂ ಜಾಸ್ತಿ ಆಗುತ್ತದೆ. ಹಾಗಾಗಿ ಕೈಬರಹದ ಪ್ರತಿ ಓದಲು ಬೇರೆಯೇ ಒಂದು ಟೇಬಲ್ ಲ್ಯಾಂಪ್ ಇದ್ದರೆ ಒಳ್ಳೆಯದು. ಗೋಡೆಯ ಫ್ಯಾನ್ ನೇರ ಮುಖಕ್ಕೆ ಬೀಸುತ್ತದೆ, ಅದನ್ನು ಪಕ್ಕಕ್ಕೆ ತಿರುಗಿಸಿದರೆ ಸಾಕು.

ಪಕ್ಕದ ಟೇಬಲ್ಲಿನವರಿಗೂ ಕಣ್ಣುರಿ ಇದೆ. ಅವರು ಇನ್ನೂ ಡಾಕ್ಟರ್ ಹತ್ತಿರ ಹೋಗಿಲ್ಲ. ಇಡೀ ಕೋಣೆಗೆ ಈ ಬದಲಾವಣೆ ಆದರೆ ಅವರಿಗೂ ಅನುಕೂಲ.

ದೀಪಾವಳಿ ಹೊತ್ತಿಗೆ ಕೆಲಸದ ಒತ್ತಡ ಜಾಸ್ತಿಯಾಗುತ್ತದೆ, ಆಮೇಲೆ ಟೇಬಲ್ ಸರಿಸಲೂ ಪುರುಸೊತ್ತು ಸಿಗುವುದಿಲ್ಲ. ಬಿಡುವು, ಟೇಬಲ್, ಫ್ಯಾನ್ ಇವಕ್ಕೆ ಖರ್ಚಿಲ್ಲ. ಅನುಮತಿ ಕೊಟ್ಟರೆ ನಾಳೆಯಿಂದಲೇ ಶುರು ಮಾಡಬಹುದು. ಲೈಟ್ ಮತ್ತು ಪರದೆಯ ಬಗ್ಗೆ ಈ ವಾರ ಒಮ್ಮೆ ನಮ್ಮ ಕೋಣೆಗೆ ಬಂದು, ನನ್ನ ಕುರ್ಚಿಯಲ್ಲಿ ಕೂತು ನೋಡಿ ತೀರ್ಮಾನ ಮಾಡಿ. ಬೆಳಿಗ್ಗೆ ಹತ್ತು ಗಂಟೆಗೆ ಬಂದರೆ ಕಿಟಕಿಯ ಹೊಳಪು ಚೆನ್ನಾಗಿ ಗೊತ್ತಾಗುತ್ತದೆ. ಆರು ವಾರ ಬಿಟ್ಟು ಡಾಕ್ಟರ್ ಮತ್ತೆ ಪರೀಕ್ಷೆ ಮಾಡುತ್ತಾರೆ. ಆಗ ಅವರು ಹೇಳಿದ್ದನ್ನು ನಿಮಗೆ ತಿಳಿಸುತ್ತೇನೆ.

ತಮ್ಮ ವಿಶ್ವಾಸಿ,
ಸವಿತಾ
ಡಿಟಿಪಿ ವಿಭಾಗ

ಲಗತ್ತು: ಕಣ್ಣಿನ ಡಾಕ್ಟರ್ ಪತ್ರ, ಪರೀಕ್ಷೆಯ ಚೀಟಿ